ಕುವೈಟ್‌ನಲ್ಲಿರುವ ಮನೆ ಯಜಮಾನರಿಗೆ, ಇಲ್ಲಿರುವ ಅವರ ಅಪ್ಪನಿಗೆ, ನಮ್ಮ ಬಾಸ್‌ಗೆ: ಯಾರಿಗೆ ಎಷ್ಟು ಹೊತ್ತಿಗೆ ಮೆಸೇಜ್ ಹಾಕುವುದು?

ಮಳೆಗಾಲದ ಇಂಜಿನಿಯರ್ · ಬುಧವಾರ, ರಾತ್ರಿ 9:40

ನಾನು ಉಡುಪಿಯ ಒಂದು ಸಣ್ಣ ಇಂಜಿನಿಯರ್ ಆಫೀಸಿನಲ್ಲಿ ಸೈಟ್ ನೋಡಿಕೊಳ್ಳುವವಳು. ಕಲ್ಯಾಣಪುರದ ಕಡೆ ಒಂದು ಮನೆ ಕೆಲಸ ನಡೀತಾ ಉಂಟು. ಮಳೆ ಬಿಟ್ಟ ಮೇಲೆ ಈಗ ಮೊದಲನೇ ಮಾಳಿಗೆಯ ಸ್ಲ್ಯಾಬಿಗೆ ಸೆಂಟ್ರಿಂಗ್ ಶುರುವಾಗಿದೆ. ಮನೆ ಯಜಮಾನರು ಕುವೈಟ್‌ನಲ್ಲಿ, ಹೆಂಡತಿಯೂ ಅಲ್ಲೇ. ಇಲ್ಲಿ ಅವರ ಅಪ್ಪ ಇದ್ದಾರೆ, ಎಪ್ಪತ್ತೈದು ದಾಟಿದೆ, ದಿನಾ ಸಾಯಂಕಾಲ ನಾಲ್ಕೂವರೆಗೆ ಕೊಡೆ ಹಿಡ್ಕೊಂಡು ಸೈಟಿಗೆ ಬರ್ತಾರೆ.

ವಿಷಯ ಇಷ್ಟು. ಮಗನ ಹೆಂಡತಿಗೆ ಮೇಲಿನ ದೊಡ್ಡ ಕೋಣೆಗೆ ಸೇರಿದ ಹಾಗೆ ಒಂದು ಬಾತ್‌ರೂಮ್ ಬೇಕು. ನಕ್ಷೆಯಲ್ಲಿ ಅದು ಇರಲಿಲ್ಲ, ಮೊನ್ನೆ ಕೇಳಿದ್ದಾರೆ. ಬಾತ್‌ರೂಮ್ ಬರುವಲ್ಲಿ ಸ್ಲ್ಯಾಬ್ ಒಂದಡಿಯಷ್ಟು ತಗ್ಗಿಸಬೇಕು, ಪೈಪ್ ಅದರೊಳಗೆ ಹೋಗ್ತದೆ. ತಗ್ಗಿಸುವುದಿದ್ದರೆ ಸೆಂಟ್ರಿಂಗ್‌ನವರಿಗೆ ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲು ಹೇಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಏನೂ ಮಾಡ್ಲಿಕ್ಕಾಗುವುದಿಲ್ಲ. ತೊಂದರೆ ಏನೆಂದರೆ ಆ ಜಾಗ ಸರಿಯಾಗಿ ಕೆಳಗಿನ ಹಾಲ್‌ನಲ್ಲಿ ಪ್ರಾರ್ಥನೆಗೆ ಇಡುವ ಆಲ್ತಾರಿನ ಮೇಲೆ ಬರ್ತದೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ಖರ್ಚು ಜಾಸ್ತಿ ಆಗುವುದರಿಂದ ಬಾಸ್ ಹೂಂ ಅನ್ನಬೇಕು. ಯಜಮಾನರು ಹೂಂ ಅನ್ನಬೇಕು. ಅಪ್ಪ ಬೇಜಾರಾಗಬಾರದು. ಈ ಮೂವರಿಗೂ ನಾನೇ ವಾಟ್ಸಾಪ್ ಮಾಡಬೇಕು. ಕಳೆದ ಸಲ ಯಜಮಾನರಿಗೆ ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಪ್ರಶ್ನೆಗೆ ನೀಲಿ ಟಿಕ್ ಕೂಡಲೇ ಬಂತು, ಉತ್ತರ ಬರಲೇ ಇಲ್ಲ. ಯಾವ ಹೊತ್ತು ಒಳ್ಳೆಯದು?

ಡಿಜಿಟಲ್ ಕೊಡಿಯಾಲ · ರಾತ್ರಿ 9:52

ಇದು ನನ್ನ ದಿನನಿತ್ಯದ ಕೆಲಸ. ಮೆಸೇಜ್ ಓದಿಸಲಿಕ್ಕೆ ಬೆಸ್ಟ್ ಟೈಮ್ ಬೆಳಿಗ್ಗೆ 10ರಿಂದ 11, ವಾರದ ಮಧ್ಯದಲ್ಲಿ. ಸೋಮವಾರ ಎಲ್ಲರಿಗೂ ರಾಶಿ ಬಿದ್ದಿರ್ತದೆ, ಶುಕ್ರವಾರ ಮನಸ್ಸು ಮನೆಗೆ ಹೋಗಿರ್ತದೆ. ಗಲ್ಫ್ ಅಂದರೆ ನಮಗಿಂತ ಒಂದೂವರೆ ಗಂಟೆ ಹಿಂದೆ, ಶನಿ-ಭಾನು ರಜೆ. ಹಾಗಾಗಿ ನಾಳೆ ಗುರುವಾರ ಹನ್ನೊಂದೂವರೆಗೆ ಕಳಿಸಿ, ಅವರಿಗೆ ಹತ್ತು ಗಂಟೆ ಆಗಿರ್ತದೆ. ಮುಗೀತು.

ಕುವೈಟ್ ರಿಟರ್ನ್ · ರಾತ್ರಿ 10:05

ಡಿಜಿಟಲ್ ಅವರೇ, ನೀವು ಹೇಳಿದ್ದು ದುಬೈ ಲೆಕ್ಕ. ಕುವೈಟ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಸೌದಿ, ಕತಾರ್, ಬಹ್ರೇನ್ ಕೂಡ ಹಾಗೆಯೇ. ಒಂದೂವರೆ ಗಂಟೆ ಹಿಂದೆ ಇರುವುದು ಯುಎಇ ಮತ್ತು ಒಮಾನ್. ರಜೆಯೂ ಬೇರೆ. ಶನಿ-ಭಾನು ರಜೆ 2022ರ ಜನವರಿಯಿಂದ ಯುಎಇಯಲ್ಲಿ ಬಂದದ್ದು, ಅಲ್ಲಿ ಸರ್ಕಾರಿ ಆಫೀಸಿಗೆ ಶುಕ್ರವಾರ ಅರ್ಧ ದಿನ. ಕುವೈಟ್‌ನಲ್ಲಿ ಈಗಲೂ ಶುಕ್ರ-ಶನಿ ರಜೆ, ಭಾನುವಾರ ಕೆಲಸ. ಅಂದರೆ ಈ ಹುಡುಗಿಯ ಯಜಮಾನರಿಗೆ ನಾಳೆಯ ಗುರುವಾರವೇ ವಾರದ ಕಡೇ ದಿನ. ನಮ್ಮ ಶನಿವಾರದ ಮಧ್ಯಾಹ್ನ ಹೇಗಿರ್ತದೋ ಅವರಿಗೆ ಗುರುವಾರ ಮಧ್ಯಾಹ್ನ ಹಾಗೆ.

ಕುವೈಟ್‌ನಲ್ಲಿ ಒಂದು ಕಂಪನಿಯಲ್ಲಿ ಮ್ಯಾನೇಜರ್‌ರ ಸೆಕ್ರೆಟರಿಯಾಗಿ ತುಂಬ ವರ್ಷ ಇದ್ದೆ, ಈಗ ಕಟಪಾಡಿಯಲ್ಲಿದ್ದೇನೆ. ಯಾರ ಕಾಗದ ಯಾವಾಗ ಒಳಗೆ ಕೊಡಬೇಕು ಅನ್ನುವುದೇ ನನ್ನ ಉದ್ಯೋಗ ಆಗಿತ್ತು. ಹುಡುಗಿ, ನಿಮ್ಮ ಯಜಮಾನರ ಡ್ಯೂಟಿ ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ? ಅಪ್ಪನಿಗೆ ಫೋನ್ ಯಾವಾಗ ಮಾಡ್ತಾರೆ? ಬಾಸ್ ಟೀ ಕುಡಿಯುವುದು ಎಲ್ಲಿ? ಇದು ಹೇಳಿ, ಆಮೇಲೆ ಹೊತ್ತು ಹೇಳ್ತೇನೆ.

ಡಿಜಿಟಲ್ ಕೊಡಿಯಾಲ · ರಾತ್ರಿ 10:09

ಸರಿ, ಕುವೈಟ್ ವಿಷಯ ಒಪ್ಪಿದೆ. ಆದರೆ ಬೆಳಿಗ್ಗೆ ಹತ್ತು-ಹನ್ನೊಂದು ಅನ್ನುವುದು ಎಲ್ಲ ಕಡೆಗೂ ಕೆಲಸ ಮಾಡ್ತದೆ.

ತಿಥಿವಾರ · ರಾತ್ರಿ 10:20

ನಾಳೆ ಗುರುವಾರ ರಾಹುಕಾಲ 1:30ರಿಂದ 3. ಅದು ಬಿಟ್ಟು ಬೇರೆ ಯಾವಾಗ ಕಳಿಸಿದರೂ ಆಗ್ತದೆ. ಶುಕ್ರವಾರ ಆದರೆ 10:30ರಿಂದ 12 ಬೇಡ. ಮನೆ ಕಟ್ಟುವ ವಿಷಯ, ಸುಮ್ಮನೆ ಅಲ್ಲ. ನಮ್ಮ ಮಾವನಿಗೆ ಜಾಗದ ಪಾಲಿನ ಬಗ್ಗೆ ಹೀಗೆಯೇ ಒಂದು ಮೆಸೇಜ್ ಹಾಕಬೇಕಿತ್ತು, ಹೊತ್ತು ನೋಡಿ ಹಾಕಿದೆವು, ಮಾವ ಒಂದು ಮಾತು ಎದುರಾಡಲಿಲ್ಲ.

ಮಳೆಗಾಲದ ಇಂಜಿನಿಯರ್ · ರಾತ್ರಿ 10:24

ತಿಥಿವಾರ ಅವರೇ, ಅವರು ಕ್ರಿಶ್ಚಿಯನ್ನರು ಮಾರಾಯ್ರೆ. ಆಲ್ತಾರ್ ಅಂತ ಬರೆದಿದ್ದೆ.

ಕುವೈಟ್ ಅಕ್ಕ, ಯಜಮಾನರಿಗೆ ಅಲ್ಲಿಯ ಟೈಮಿನಲ್ಲಿ ಏಳರಿಂದ ಮೂರು ಡ್ಯೂಟಿ, ಶುಕ್ರ-ಶನಿ ರಜೆ. ಅಪ್ಪನಿಗೆ ದಿನಾ ರಾತ್ರಿ ಎಂಟೂವರೆಗೆ ವಾಟ್ಸಾಪ್‌ನಲ್ಲಿ ವೀಡಿಯೋ ಕಾಲ್ ಮಾಡ್ತಾರೆ, ಅದು ಅಪ್ಪನೇ ಹೆಮ್ಮೆಯಿಂದ ಹೇಳಿದ್ದು. ಒಂಬತ್ತೂಕಾಲಕ್ಕೆ ಅಪ್ಪ ಮಲಗ್ತಾರೆ. ಬಾಸ್ ಬೆಳಿಗ್ಗೆ ಎಂಟಕ್ಕೆ ಸೈಟ್‌ಗಳಿಗೆ ಹೋಗ್ತಾರೆ, ಹತ್ತೂಕಾಲಿಗೆ ಬ್ರಹ್ಮಗಿರಿ ಹತ್ತಿರ ಒಂದು ಹೋಟೆಲಿನಲ್ಲಿ ಬನ್ಸ್ ತಿಂತಾರೆ, ಹನ್ನೊಂದಕ್ಕೆ ನಗರಸಭೆ. ಮಧ್ಯಾಹ್ನ ಊಟ ಆದ ಮೇಲೆ ಮಲಗ್ತಾರೆ. ಸಾಯಂಕಾಲ ಐದೂವರೆಯಿಂದ ಎಂಟರವರೆಗೆ ಆಫೀಸಿನಲ್ಲಿ ಪಾರ್ಟಿಗಳು. ರಾತ್ರಿ ಒಂಬತ್ತರ ಮೇಲೆ ಮೆಸೇಜ್ ಹಾಕಿದರೆ ಮರುದಿನ ಎಲ್ಲರ ಎದುರು ಕೇಳ್ತಾರೆ, "ನಿನಗೆ ನಿದ್ದೆ ಇಲ್ವಾ?"

ಕುಂದಾಪ್ರದ ಬ್ಯಾಟ್ರಿ · ರಾತ್ರಿ 10:31

ನಮ್ ಬಾಸ್ ರಾತ್ರಿ ಹನ್ನೊಂದಕ್ಕೂ ಆನ್‌ಲೈನ್ ಇರ್ತ್ರ್. ಆಗ ಕಳ್ಸಿರೆ ಕೂಡ್ಲೆ ಉತ್ರ ಬತ್ತ್. ಆನ್‌ಲೈನ್ ಇದ್ರೆ ಕಳ್ಸುಕೆ ಎಂತ ತೊಂದ್ರಿ?

ರಾತ್ರಿಪಾಳಿ · ರಾತ್ರಿ 10:38

ತೊಂದರೆ ಉಂಟು. ನಾನು ಮಂಗಳೂರಿನಲ್ಲಿ ಐಟಿಯಲ್ಲಿದ್ದೇನೆ, ಬಾಸ್ ಬೆಂಗಳೂರಿನಲ್ಲಿ. ಅವರು ರಾತ್ರಿ ಆನ್‌ಲೈನ್ ಇರುವುದು ಮಗಳ ಶಾಲೆಯ ಗ್ರೂಪ್ ನೋಡಲಿಕ್ಕೆ. ಹಸಿರು ಚುಕ್ಕಿ ಕಂಡಿತು ಅಂತ ರಜೆ ಕೇಳಿದರೆ "ನೋಡುವ" ಅಂತ ಬರೆದು ಮರೆತುಬಿಡ್ತಾರೆ. ನಾನು ರಾತ್ರಿ ಬರೆದು ಜಿಮೇಲ್‌ನಲ್ಲಿ ಶೆಡ್ಯೂಲ್ ಮಾಡಿ ಇಡ್ತೇನೆ, ಬೆಳಿಗ್ಗೆ ಹೋಗ್ತದೆ. ಕಳಿಸು ಬಟನ್ನಿನ ಪಕ್ಕದ ಬಾಣ ಒತ್ತಿದರೆ ಬರ್ತದೆ. ಆದರೆ ಅದು ತಾನೇ ತೋರಿಸುವ ಬೆಳಿಗ್ಗೆ ಎಂಟು ಗಂಟೆ ಆರಿಸಬೇಡಿ. ಎಲ್ಲರೂ ಅದನ್ನೇ ಆರಿಸುವುದು. ಬಾಸ್ ಡಬ್ಬಿ ತೆರೆಯುವಾಗ ನಮ್ಮದು ಇಪ್ಪತ್ತು ಮೇಲ್‌ಗಳ ಅಡಿಯಲ್ಲಿರ್ತದೆ. ನಾನು 10:50 ಹಾಕ್ತೇನೆ. ಮೊದಲ ಮೀಟಿಂಗ್ ಮುಗಿದು ಅವರು ಫೋನ್ ತೆಗೆಯುವಾಗ ಮೇಲೆ ನನ್ನದೇ ಇರ್ತದೆ.

ಕುವೈಟ್ ರಿಟರ್ನ್ · ರಾತ್ರಿ 10:55

ರಾತ್ರಿಪಾಳಿಯವರಿಗೆ ವಿಷಯ ಗೊತ್ತುಂಟು. ಈಗ ಹುಡುಗಿಯ ಲೆಕ್ಕ ಮಾಡುವ.

ನೀಲಿ ಟಿಕ್ ಬಂದು ಉತ್ತರ ಬಾರದ್ದು ಯಾಕೆ ನೋಡಿ. ನಮ್ಮ ಹತ್ತು ಗಂಟೆ ಅಂದರೆ ಕುವೈಟ್‌ನಲ್ಲಿ ಏಳೂವರೆ. ಡ್ಯೂಟಿ ಶುರುವಾಗಿ ಅರ್ಧ ಗಂಟೆ. ಫೋನ್ ತೆಗೆದು ನೋಡಿದ್ದಾರೆ, ಹೆಂಡತಿಯನ್ನು ಕೇಳಿ ಹೇಳುವ ಅಂತ ಒಳಗೆ ಹಾಕಿದ್ದಾರೆ. ನೋಡದ ಮೆಸೇಜ್ ಆದರೆ ಅದರ ಮೇಲೆ ಹಸಿರು ಅಂಕೆ ಕೂತಿರ್ತದೆ, ಸಾಯಂಕಾಲ ತೆರೆದೇ ತೆರೀತಾರೆ. ನೋಡಿದ್ದು ಕೆಳಗೆ ಹೋಗ್ತದೆ, ಅದರ ಮೇಲೆ ಊರಿನ ಗ್ರೂಪು, ಇಗರ್ಜಿ ಗ್ರೂಪು, ಕ್ರಿಕೆಟ್ ಗ್ರೂಪು ಎಲ್ಲ ಬಂದು ಬೀಳ್ತದೆ. ಹಾಗಾಗಿ ಕೈ ಖಾಲಿ ಇಲ್ಲದ ಹೊತ್ತಿನಲ್ಲಿ ಓದಿಸಿದರೆ ಓದಿಸದಿದ್ದದ್ದಕ್ಕಿಂತ ನಷ್ಟ. ನಾನು ಆಫೀಸಿನಲ್ಲಿದ್ದಾಗ ಮ್ಯಾನೇಜರ್ ಎರಡು ಮೀಟಿಂಗ್ ನಡುವೆ "ಏನಾದರೂ ಉಂಟಾ?" ಅಂತ ಕೇಳಿದರೆ ಸಹಿ ಮಾತ್ರ ಬೇಕಾದ ಕಾಗದ ಕೊಡ್ತಿದ್ದೆ. ಯೋಚನೆ ಮಾಡಬೇಕಾದ ಕಾಗದ ಇಲ್ಲ ಅಂತಲೇ ಹೇಳ್ತಿದ್ದೆ.

ನಿಮ್ಮದು ಯೋಚನೆಯ ಕಾಗದ, ಅದೂ ಒಬ್ಬರೇ ಯೋಚಿಸುವಂಥದ್ದಲ್ಲ. ಗಂಡ-ಹೆಂಡತಿ ಇಬ್ಬರೂ ಪಕ್ಕದಲ್ಲಿರಬೇಕು, ಆಮೇಲೆ ಅಪ್ಪನ ಹತ್ತಿರ ಮಾತಾಡಬೇಕು. ಮೂರಕ್ಕೆ ಡ್ಯೂಟಿ ಬಿಟ್ಟರೆ ಅಲ್ಲಿ ಗುರುವಾರ ಟ್ರಾಫಿಕ್, ಮನೆ ಮುಟ್ಟುವಾಗ ನಾಲ್ಕು. ಊಟ, ನಿದ್ದೆ. ಗಲ್ಫಿನಲ್ಲಿ ಈ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಮಾತ್ರ ಯಾರೂ ಕೈ ಹಾಕಬಾರದು. ಏಳುವಾಗ ಅಲ್ಲಿ ಐದು, ಚಹಾ. ಅದು ನಮ್ಮ ಏಳೂವರೆ. ನೀವು 7:45ಕ್ಕೆ ಕಳಿಸಿ. ಇಬ್ಬರೂ ಚಹಾ ಹಿಡ್ಕೊಂಡು ಕೂತಿರ್ತಾರೆ, ಮರುದಿನ ರಜೆ. ಮುಕ್ಕಾಲು ಗಂಟೆ ಮಾತಾಡ್ಲಿಕ್ಕೆ ಸಿಗ್ತದೆ, 8:30ಕ್ಕೆ ಅಪ್ಪನ ಕಾಲ್ ಹೇಗೂ ಉಂಟು. ಇನ್ನೂ ಮುಂಚೆ ಕಳಿಸಿದರೆ ನಿದ್ದೆಗಣ್ಣಿನಲ್ಲಿ ನೋಡಿ ಮರೀತಾರೆ. ಎಂಟೂವರೆ ದಾಟಿ ಕಳಿಸಿದರೆ ಅಪ್ಪನ ಕಾಲ್ ಮುಗಿದಿರ್ತದೆ, ವಿಷಯ ಶುಕ್ರವಾರ ರಾತ್ರಿಗೆ ಹೋಗ್ತದೆ, ಶನಿವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಸೆಂಟ್ರಿಂಗ್‌ನವರು ಬಂದು ನಿಲ್ತಾರೆ.

ಬಾಸ್‌ಗೆ ನಾಳೆ ಹತ್ತೂಕಾಲು, ಬನ್ಸ್ ಎದುರಿಗಿರುವಾಗ. ಅವರಿಗೆ ಕಥೆ ಬೇಡ. ಎಷ್ಟು ಹೆಚ್ಚಾಗ್ತದೆ, ಅದು ಯಾರ ಲೆಕ್ಕಕ್ಕೆ, ಇವತ್ತು ರಾತ್ರಿ ಯಜಮಾನರಿಗೆ ತಿಳಿಸಲಾ, ಇಷ್ಟೇ. ಹೂಂ ಅನ್ನುವ ಉತ್ತರ ಒಂದು ಕೈಯಲ್ಲಿ ಬರೆಯಬಹುದು. ಬಾಸ್ ಒಪ್ಪದೆ ಯಜಮಾನರಿಗೆ ಕಳಿಸಬೇಡಿ.

ಡಿಜಿಟಲ್ ಕೊಡಿಯಾಲ · ರಾತ್ರಿ 11:02

ರಾತ್ರಿ 7:45ಕ್ಕೆ ಕ್ಲೈಂಟ್‌ಗೆ ಮೆಸೇಜ್ ಅಂದರೆ ಪ್ರೊಫೆಷನಲ್ ಅಲ್ಲ ಅಂತ ನನ್ನ ಅಭಿಪ್ರಾಯ.

ಕುವೈಟ್ ರಿಟರ್ನ್ · ರಾತ್ರಿ 11:06

ಅವರ ಊರಿನಲ್ಲಿ ಸಾಯಂಕಾಲ ಐದೂಕಾಲು. ನೀವು ಹೇಳುವ ಹತ್ತು-ಹನ್ನೊಂದು ಸಾವಿರ ಜನಕ್ಕೆ ಜಾಹೀರಾತು ಕಳಿಸುವವರಿಗೆ ಸರಿ. ಅವರಲ್ಲಿ ಹತ್ತು ಜನ ಒತ್ತಿದರೆ ನಿಮಗೆ ಲಾಭ. ಇವಳಿಗೆ ಒಬ್ಬರ ಒಂದು ಉತ್ತರ ಬೇಕು. ಆದರೆ ಯಜಮಾನರದ್ದು ಡ್ಯೂಟಿ ಹೊತ್ತಿನಲ್ಲೇ ಮಾತಾಡುವ ಜಾತಿಯ ಕೆಲಸ ಆಗಿದ್ದರೆ, ಅಂದರೆ ಅವರ ಕಂಪನಿಯ ಆರ್ಡರ್, ಬಿಲ್ ಇಂಥದ್ದಾಗಿದ್ದರೆ, ನಿಮ್ಮ ಮಾತೇ ಸರಿ. ಮನೆಯ ವಿಷಯ ಮನೆಯ ಹೊತ್ತಿಗೆ.

ನಿವೃತ್ತ ಮೇಷ್ಟ್ರು, ಕಾರ್ಕಳ · ಗುರುವಾರ, ಬೆಳಿಗ್ಗೆ 6:10

ರಾತ್ರಿ ನಾನು ಮಲಗಿದ್ದೆ, ಈಗ ಓದಿದೆ. ಅಪ್ಪನ ವಯಸ್ಸಿನವನು ನಾನೊಬ್ಬನೇ ಇಲ್ಲಿರುವುದು ಅಂತ ಕಾಣ್ತದೆ, ಹಾಗಾಗಿ ಎರಡು ಮಾತು.

ತಾಯಿ, ರಾತ್ರಿ ಎಂಟೂವರೆ ದಾಟಿದ ಮೇಲೆ ನಮ್ಮಂಥವರ ಫೋನು ಕಿಣಿ ಅಂದರೆ ಎದೆ ಧಸಕ್ ಅನ್ನುವುದು. ಆ ಹೊತ್ತಿಗೆ ಬರುವುದು ಯಾರೋ ಹೋದ ಸುದ್ದಿ ಅಂತಲೇ ಅಭ್ಯಾಸ. ಬೆಳಿಗ್ಗೆ ಬೇಗ ಏಳ್ತೇವೆ ಅಂತ ಆರು ಗಂಟೆಗೆ ಕಳಿಸುವವರಿದ್ದಾರೆ, ಅದೂ ಬೇಡ. ಎದ್ದಿರ್ತೇವೆ, ಆದರೆ ಕನ್ನಡಕ ಎಲ್ಲೋ ಇರ್ತದೆ. ತಿಂಡಿ, ಮಾತ್ರೆ, ಪೇಪರ್ ಮುಗಿದು ಒಂಬತ್ತೂಕಾಲು-ಒಂಬತ್ತೂವರೆಗೆ ಕನ್ನಡಕ ಮೂಗಿನ ಮೇಲೆಯೇ ಇರ್ತದೆ, ಆಗ ಫೋನು ನೋಡುವುದು. ಅದೊಂದು ಹೊತ್ತು. ಊಟದ ಮೇಲೆ ನಾಲ್ಕರವರೆಗೆ ಬೇಡ.

ಇನ್ನೊಂದು ಸಂಗತಿ ಕುವೈಟ್‌ನವರು ಮರೆತಿದ್ದಾರೆ. ಇದು ಅಕ್ಟೋಬರ್. ಸಾಯಂಕಾಲ ಗುಡುಗು ಶುರುವಾದರೆ ನಮ್ಮ ಊರಿನ ಮುದುಕರು ಮೊದಲು ಮಾಡುವ ಕೆಲಸ ಮೋಡೆಮ್‌ನ ವಯರ್ ಕಿತ್ತು ಇಡುವುದು. ಸಿಡಿಲಿಗೆ ಒಮ್ಮೆ ಸುಟ್ಟು ಹೋದವರಿಗೆ ಅದು ಹೇಳಿ ಕೊಡಬೇಕಾಗಿಲ್ಲ. ವಯರ್ ಕಿತ್ತರೆ ವಾಟ್ಸಾಪ್ ಇಲ್ಲ, ಮಗನ ಕಾಲೂ ಇಲ್ಲ. ಒಂದು ಟಿಕ್‌ನಲ್ಲಿ ನಿಂತ ಮೆಸೇಜ್ ಕಂಡರೆ ಮುದುಕ ಕೋಪಿಸಿಕೊಂಡಿದ್ದಾನೆ ಅಂತ ತಿಳಿಯಬೇಡಿ, ಗುಡುಗು ಉಂಟಾ ನೋಡಿ.

ಆದರೆ ನನ್ನ ಮುಖ್ಯ ಮಾತು ಬೇರೆ. ಆಲ್ತಾರಿನ ಮೇಲೆ ಬಚ್ಚಲು ಅನ್ನುವುದನ್ನು ಅಪ್ಪನಿಗೆ ಮೆಸೇಜಿನಲ್ಲಿ ಹೇಳಲೇ ಬಾರದು, ಮಗನಿಗಿಂತ ಆಮೇಲೆ ಹೇಳುವುದೂ ಸರಿಯಲ್ಲ. ದಿನಾ ಸೈಟಿಗೆ ಬರುವ ಮನುಷ್ಯ. ನಾಲ್ಕೂವರೆಗೆ ಬಂದಾಗ ಬಾಯಲ್ಲಿ ಹೇಳಿ, ಆಮೇಲೆ ಮಗನಿಗೆ ಕಳಿಸಿ.

(ತಿಥಿವಾರರಿಗೆ: ರಾಹುಕಾಲ ಗಡಿಯಾರದ ಒಂದೂವರೆಗೆ ಅಂಟಿಕೊಂಡದ್ದಲ್ಲ. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗ್ತಾನೆ ಅಂತ ಇಟ್ಟ ಲೆಕ್ಕ ಅದು. ಹಗಲನ್ನು ಎಂಟು ಪಾಲು ಮಾಡಿ ಗುರುವಾರಕ್ಕೆ ಆರನೆಯದು. ಈಗಿನ ಸೂರ್ಯೋದಯಕ್ಕೆ ಸುಮಾರು ಕಾಲು ಗಂಟೆ ಆಚೆ ಹೋಗ್ತದೆ. ನೋಡುವುದಾದರೆ ಸರಿಯಾಗಿ ನೋಡಿ.)

ಕುವೈಟ್ ರಿಟರ್ನ್ · ಬೆಳಿಗ್ಗೆ 7:20

ಮೋಡೆಮ್ ವಿಷಯ ಮೇಷ್ಟ್ರೇ ನೂರಕ್ಕೆ ನೂರು ಸರಿ, ನನಗೆ ಹೊಳೆದಿರಲಿಲ್ಲ. ಆದರೆ ಅಪ್ಪನಿಗೆ ಮೊದಲು ಹೇಳುವುದು ನಾನು ಒಪ್ಪುವುದಿಲ್ಲ. ಹಣ ಕೊಡುವವರು ಮಗ. ಹೊರಗಿನ ಹುಡುಗಿಯ ಬಾಯಲ್ಲಿ "ನಿಮ್ಮ ಸೊಸೆ ಆಲ್ತಾರಿನ ಮೇಲೆ ಬಾತ್‌ರೂಮ್ ಕೇಳಿದ್ದಾರೆ" ಅಂತ ಬಂದರೆ ಆ ಮನೆಯಲ್ಲಿ ಎಂತ ಆಗ್ತದೆ ಯೋಚಿಸಿ. ಅದನ್ನು ಮಗನೇ ಹೇಳಬೇಕು.

ನಿವೃತ್ತ ಮೇಷ್ಟ್ರು, ಕಾರ್ಕಳ · ಬೆಳಿಗ್ಗೆ 7:41

ಸೊಸೆಯ ಹೆಸರು ಎತ್ತಬೇಕಾಗಿಲ್ಲವಲ್ಲ. ಮಗ ಹೇಳುವಾಗ ಅಪ್ಪ ಕೇಳುವ ಮೊದಲ ಪ್ರಶ್ನೆ "ಆ ಹುಡುಗಿ ಸಾಯಂಕಾಲ ನನ್ನ ಎದುರೇ ಇದ್ದಳು, ನನ್ನ ಹತ್ತಿರ ಯಾಕೆ ಹೇಳಲಿಲ್ಲ?" ಅಂತ ಇರ್ತದೆ. ಆಗ ನೀವೆಲ್ಲ ಎಲ್ಲಿ ಹೋಗ್ತೀರಿ?

ಮೇಸ್ತ್ರಿ ಮಗ · ಬೆಳಿಗ್ಗೆ 8:05

ಅಪ್ಪ ಸೆಂಟ್ರಿಂಗ್ ಮೇಸ್ತ್ರಿ, ನಾನೂ ಅದೇ ಕೆಲಸ. ಒಂದು ಹೇಳ್ತೇನೆ, ಶನಿವಾರ ಎಂಟು ಗಂಟೆ ಅನ್ನುವುದು ಕಡೇ ಗಡುವು ಅಂತ ತಿಳಿಯಬೇಡಿ. ಶನಿವಾರ ಬೆಳಿಗ್ಗೆ ಹೇಳಿದರೆ ಹಲಗೆ, ಜಾಕಿ ಎಲ್ಲ ಇನ್ನೊಂದು ಅಳತೆಗೆ ಬೇಕು, ಅದು ಗೋಡೌನ್‌ನಲ್ಲಿರ್ತದೆ. ಶುಕ್ರವಾರ ಸಾಯಂಕಾಲ ಐದಕ್ಕೆ ಮೊದಲು, ನಾವು ಸಾಮಾನು ಲೋಡ್ ಮಾಡುವ ಮೊದಲು ಹೇಳಿ. ಮೇಸ್ತ್ರಿಗೆ ಮೆಸೇಜ್ ಹಾಕಬೇಡಿ, ಕೈಯಲ್ಲಿ ಎಣ್ಣೆ ಇರ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಕಾಲ್ ಮಾಡಿ.

ಮಳೆಗಾಲದ ಇಂಜಿನಿಯರ್ · ಬೆಳಿಗ್ಗೆ 10:34

ಮೇಸ್ತ್ರಿ ಮಗ, ತುಂಬ ಉಪಕಾರ ಆಯಿತು, ಗಡುವು ಶುಕ್ರವಾರ ಐದು ಅಂತ ಇಟ್ಟುಕೊಳ್ತೇನೆ.

ಬಾಸ್‌ಗೆ 10:16ಕ್ಕೆ ಹಾಕಿದೆ: "ಕಲ್ಯಾಣಪುರ ಮನೆ. ಮೇಲೆ ಬಾತ್‌ರೂಮ್ ಕೇಳಿದ್ದಾರೆ. ಹೆಚ್ಚುವರಿ ಖರ್ಚು ಅವರ ಲೆಕ್ಕ, ಅಂದಾಜು ಚೀಟಿ ಕೆಳಗಿದೆ. ಇವತ್ತು ರಾತ್ರಿ ಅವರಿಗೆ ಕಳಿಸಲಾ ಸರ್?" ಐದು ನಿಮಿಷದಲ್ಲಿ "ಕಳಿಸು. ಬೀಮಿನ ಕಂಬಿ ಬದಲಾಗ್ತದೆ, ಅದನ್ನೂ ಸೇರಿಸು" ಅಂತ ಬಂತು. ಬಾಸ್ ಇಷ್ಟು ಬೇಗ ಉತ್ತರ ಕೊಟ್ಟದ್ದು ನಾನು ನೋಡಿಲ್ಲ.

ಯಜಮಾನರಿಗೆ ಬರೆದು ಇಟ್ಟದ್ದು ಹೀಗೆ, ಸರಿ ಉಂಟಾ ಹೇಳಿ:

"ಸರ್, ನಮಸ್ತೆ. ನೀವು ಕೇಳಿದ ಬಾತ್‌ರೂಮಿನ ಚಿತ್ರ ಮತ್ತು ಖರ್ಚು ಕಳಿಸಿದ್ದೇನೆ. ಅದು ಬರುವುದು ಕೆಳಗಿನ ಆಲ್ತಾರಿನ ಮೇಲೆ, ಇದನ್ನು ನೀವು ನೋಡಬೇಕು. ನಾಳೆ ಶುಕ್ರವಾರ ನಮ್ಮ ಟೈಮ್ ಸಾಯಂಕಾಲ 4ಕ್ಕೆ, ನಿಮ್ಮ ಟೈಮ್ 1:30ಕ್ಕೆ ಮೊದಲು ಹೇಳಿದರೆ ಸೆಂಟ್ರಿಂಗ್‌ನವರಿಗೆ ತಿಳಿಸ್ತೇನೆ. ಉತ್ತರ ಬಾರದಿದ್ದರೆ ಮೊದಲಿನ ನಕ್ಷೆಯ ಹಾಗೆಯೇ ಸ್ಲ್ಯಾಬ್ ಹಾಕ್ತೇವೆ."

ರಾತ್ರಿಪಾಳಿ · ಬೆಳಿಗ್ಗೆ 10:49

ಎರಡೂ ಊರಿನ ಟೈಮ್ ಬರೆದದ್ದು ಬಹಳ ಒಳ್ಳೆಯದಾಯಿತು. ಕಡೇ ಸಾಲು ನನಗೆ ಇಷ್ಟವಾಯಿತು.

ನಿವೃತ್ತ ಮೇಷ್ಟ್ರು, ಕಾರ್ಕಳ · ಬೆಳಿಗ್ಗೆ 11:15

ನನಗೆ ಕಡೇ ಸಾಲು ಬೆದರಿಸಿದ ಹಾಗೆ ಕಾಣ್ತದೆ.

ಕುವೈಟ್ ರಿಟರ್ನ್ · ಬೆಳಿಗ್ಗೆ 11:30

ಮಗನಿಗೆ ಆದರೆ ಆ ಸಾಲು ಬೇಕು. ಗುತ್ತಿಗೆ ಕೆಲಸದಲ್ಲಿ ಇರುವವರಿಗೆ ಅದು ಬೆದರಿಕೆ ಅಲ್ಲ, ಉಪಕಾರ. ಅಪ್ಪನಿಗೆ ಬರೆಯುವುದಿದ್ದರೆ ಬೇಡ, ಅದು ಮೇಷ್ಟ್ರ ಮಾತೇ ಸರಿ. ನಾಳೆ ಇಗರ್ಜಿ ವಿಷಯವೂ ನೆನಪಿಡಿ. ಕುವೈಟ್‌ನಲ್ಲಿ ಶುಕ್ರವಾರ ರಜೆ ಆದ್ದರಿಂದ ಭಾನುವಾರದ ಮೀಸ್‌ಗೆ ನಮ್ಮವರು ಶುಕ್ರವಾರವೇ ಹೋಗುವುದು. ಬೆಳಿಗ್ಗೆ ಫೋನ್ ಸೈಲೆಂಟ್ ಇರ್ತದೆ. ನಾಳೆ ನೆನಪಿಸುವುದಿದ್ದರೆ ನಮ್ಮ ಎರಡು ಗಂಟೆ ಮೇಲೆ.

ತಿಥಿವಾರ · ಮಧ್ಯಾಹ್ನ 12:02

ನನ್ನ ಮಾವನ ವಿಷಯಕ್ಕೆ ಯಾರೂ ಏನೂ ಹೇಳಲಿಲ್ಲ. ಈಗ ಅದೇ ಮಾವನಿಗೆ ಗೃಹಪ್ರವೇಶದ ದಿನ ಕೇಳಬೇಕು. ಅವರು ಬೆಳಿಗ್ಗೆ ನಾಲ್ಕೂವರೆಗೆ ಏಳುವವರು, ಫೋನು ಅತ್ತೆಯ ಹತ್ತಿರ ಇರ್ತದೆ. ಯಾರಿಗೆ ಕಳಿಸುವುದು?

ಕುಂದಾಪ್ರದ ಬ್ಯಾಟ್ರಿ · ಮಧ್ಯಾಹ್ನ 12:10

ಅತ್ತಿಗೆ ಕಳ್ಸಿ. ಮನಿ ನಡ್ಸುದೇ ಅವ್ರ್.

ಮಳೆಗಾಲದ ಇಂಜಿನಿಯರ್ · ಗುರುವಾರ, ರಾತ್ರಿ 9:05

ಇವತ್ತಿನ ಕಥೆ. ಅಪ್ಪನ ವಿಷಯದಲ್ಲಿ ಮೇಷ್ಟ್ರು, ಅಕ್ಕ ಇಬ್ಬರ ಮಾತಿನ ನಡುವೆ ಒಂದು ದಾರಿ ಮಾಡಿದೆ. ನಾಲ್ಕೂವರೆಗೆ ಬಂದಾಗ ಸ್ಲ್ಯಾಬಿನ ಅಡಿಯಲ್ಲಿ ನಿಂತು, "ಪೊರ್ಬುಲೇ, ಮೇಲಿನ ಕೋಣೆಯಲ್ಲಿ ಸ್ವಲ್ಪ ಬದಲಾವಣೆ ಮಾಡುವ ಯೋಚನೆ ಉಂಟು, ಇವತ್ತು ರಾತ್ರಿ ಮಗನಿಗೆ ಚಿತ್ರ ಕಳಿಸ್ತೇನೆ, ಅವರು ನಿಮ್ಮ ಹತ್ತಿರ ಮಾತಾಡ್ತಾರೆ" ಅಂದೆ. ಅವರು ಆಲ್ತಾರ್ ಬರುವ ಗೋಡೆಯನ್ನು ಒಮ್ಮೆ ನೋಡಿದರು, ಮೇಲೆ ಹಲಗೆ ನೋಡಿದರು, "ಆಯ್ತು" ಅಂದರು. ಅರ್ಥವಾಗಿದೆ ಅಂತ ನನಗೆ ಅನುಮಾನ.

ಆರೂವರೆಗೆ ಗುಡುಗು ಶುರು. 7:45ಕ್ಕೆ ಯಜಮಾನರಿಗೆ ಕಳಿಸಿದೆ, 7:52ಕ್ಕೆ ನೀಲಿ. 8:20ಕ್ಕೆ ಉತ್ತರ: ಹೆಂಡತಿಗೂ ತೋರಿಸಿದ್ದೇನೆ, ಖರ್ಚು ಸರಿ, ಅಪ್ಪನ ಹತ್ತಿರ ಮಾತಾಡಿ ಹೇಳ್ತೇನೆ. 8:50ಕ್ಕೆ ಇನ್ನೊಂದು: ಅಪ್ಪನ ಕಾಲ್ ಹೋಗ್ತಾ ಇಲ್ಲ, ಹುಷಾರಿದ್ದಾರಾ?

ಮೇಷ್ಟ್ರೇ, ಮೋಡೆಮ್!

ನಿವೃತ್ತ ಮೇಷ್ಟ್ರು, ಕಾರ್ಕಳ · ರಾತ್ರಿ 9:08

ಮಗನಿಗೆ ಈಗಲೇ ಬರೆಯಿರಿ, ಗುಡುಗು ಉಂಟು, ವಯರ್ ಕಿತ್ತಿರ್ತಾರೆ, ಸಾಯಂಕಾಲ ಸೈಟಿಗೆ ಬಂದಿದ್ದರು, ಗಟ್ಟಿ ಇದ್ದಾರೆ ಅಂತ. ಇದಕ್ಕೆ ಹೊತ್ತು ನೋಡಬೇಡಿ. ಅಪ್ಪನಿಗೆ ಈಗ ಯಾರೂ ಫೋನ್ ಮಾಡುವುದು ಬೇಡ. ನಾಳೆ ಒಂಬತ್ತೂಕಾಲಿಗೆ ನೀವು ಸಾದಾ ಕಾಲ್ ಮಾಡಿ, ಮೋಡೆಮ್ ಹಾಕಿಸಿ.

ಡಿಜಿಟಲ್ ಕೊಡಿಯಾಲ · ರಾತ್ರಿ 9:30

ದುಬೈ ಆಗಿದ್ದರೆ ಈ ಸಮಸ್ಯೆಯೇ ಇರ್ತಿರಲಿಲ್ಲ, ಅಲ್ಲಿ ವಾಟ್ಸಾಪ್ ಕಾಲೇ ನಡೆಯುವುದಿಲ್ಲ, ಮೆಸೇಜ್ ಮಾತ್ರ. ಮಗ ಸಾದಾ ಫೋನಿಗೇ ಮಾಡ್ತಿದ್ದ.

ಮಳೆಗಾಲದ ಇಂಜಿನಿಯರ್ · ಶುಕ್ರವಾರ, ಸಾಯಂಕಾಲ 5:20

ಬೆಳಿಗ್ಗೆ ಒಂಬತ್ತೂಕಾಲಿಗೆ ಅಪ್ಪನಿಗೆ ಕಾಲ್ ಮಾಡಿದೆ. ಮೋಡೆಮ್ ಹಾಕಿದರು. ಮಗ ಮೀಸ್ ಮುಗಿಸಿ ನಮ್ಮ ಹನ್ನೆರಡೂವರೆಗೆ ಮಾತಾಡಿದ್ದಾರೆ. ಒಂದೂವರೆಗೆ ಅಪ್ಪನೇ ನನಗೆ ಕಾಲ್ ಮಾಡಿದರು, ಮೂರು ದಿನದಲ್ಲಿ ಮೊದಲ ಸಲ ಅವರಾಗಿ. ಬಾತ್‌ರೂಮ್ ಬೇಡ ಅನ್ನಲಿಲ್ಲ. "ಆಲ್ತಾರಿನ ಮೇಲೆ ಮಾತ್ರ ಬೇಡ, ಕಪಾಟು ಬರುವ ಕಡೆಗೆ ಸರಿಸ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಸರಿಸಿದರೆ ಕಪಾಟು ಸಣ್ಣದಾಗ್ತದೆ, ಅದು ಯಜಮಾನರ ಹೆಂಡತಿಗೆ ಹೇಳಬೇಕು. ಬಾಸ್ ಇವತ್ತು ಯಾರದ್ದೋ ಮದುವೆಯಲ್ಲಿದ್ದರು, ಹತ್ತೂಕಾಲಿನ ಬನ್ಸ್ ಇಲ್ಲ, ಮೆಸೇಜ್ ನೋಡಲೇ ಇಲ್ಲ. ಊಟದ ಪಂಕ್ತಿ ಏಳುವ ಹೊತ್ತು ಅಂದಾಜು ಮಾಡಿ ಎರಡಕ್ಕೆ ಕಾಲ್ ಮಾಡಿದೆ, ಕೈ ತೊಳೀತಾ ಒಪ್ಪಿದರು.

ನಾಲ್ಕು ಗಂಟೆಗೆ ಯಜಮಾನರಿಂದ "ಅಪ್ಪ ಹೇಳಿದ ಹಾಗೆ ಮಾಡಿ" ಅಂತ ಬಂತು. ಮೇಸ್ತ್ರಿಗೆ ಹೊಸ ಅಳತೆ ಹೇಳಿ ಆಯಿತು, ಲೋಡ್ ಆಗ್ತಾ ಉಂಟು. ಕಪಾಟಿನ ವಿಷಯ ಹೆಂಡತಿಗೆ ಗೊತ್ತುಂಟಾ ಇಲ್ವಾ ನನಗೆ ಗೊತ್ತಿಲ್ಲ.

ಕುವೈಟ್ ರಿಟರ್ನ್ · ಸಾಯಂಕಾಲ 5:41

ಅದು ಮಾತ್ರ ಇವತ್ತು ಬರೆದು ಇಡಿ ಹುಡುಗಿ. ಯಜಮಾನರಿಗೇ, ಕಪಾಟಿನ ಹಳೆ ಅಳತೆ, ಹೊಸ ಅಳತೆ ಎರಡೂ ಹಾಕಿ. ಅಲ್ಲಿ ಈಗ ಮೂರು ಗಂಟೆ, ಶುಕ್ರವಾರದ ಬಿರಿಯಾನಿ ತಿಂದು ಮಲಗಿರ್ತಾರೆ. ಏಳೂಮುಕ್ಕಾಲಿಗೆ.

ನಿವೃತ್ತ ಮೇಷ್ಟ್ರು, ಕಾರ್ಕಳ · ಸಾಯಂಕಾಲ 5:55

ಅಪ್ಪನಿಗೆ ಮೊದಲೇ ಪೂರ್ತಿ ಹೇಳಿದ್ದರೆ ನಿನ್ನೆ ಸಾಯಂಕಾಲವೇ ಕಪಾಟಿನ ಕಡೆ ಸರಿಸಿ ಅಂತ ಹೇಳ್ತಿದ್ದರು, ಒಂದು ದಿನ ಉಳೀತಿತ್ತು.

ಕುವೈಟ್ ರಿಟರ್ನ್ · ಸಾಯಂಕಾಲ 6:02

ಅಥವಾ ಕೊಡೆ ತಿರುಗಿಸಿ ಮನೆಗೆ ಹೋಗಿ ಮಗನ ಹತ್ತಿರ ಒಂದು ವಾರ ಮಾತು ಬಿಡ್ತಿದ್ದರು. ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?

ತಿಥಿವಾರ · ಸಾಯಂಕಾಲ 6:15

ಅತ್ತೆಗೆ ಕಳಿಸಿದೆ. ಅತ್ತೆ ಅದನ್ನು ಕುಟುಂಬದ ಗ್ರೂಪಿಗೆ ಹಾಕಿದ್ದಾರೆ. ಈಗ ಏನು ಮಾಡುವುದು?

ಮೇಸ್ತ್ರಿ ಮಗ · ಸಾಯಂಕಾಲ 6:40

ಇಂಜಿನಿಯರ್ ಮೇಡಂ, ನಾಳೆ ಬೆಳಿಗ್ಗೆ ಏಳೂವರೆಗೆ ಸೈಟಿನಲ್ಲಿ ಇರಿ. ಹೊಸ ಅಳತೆ ಚೀಟಿಯಲ್ಲಿ ಬರೆದು ತನ್ನಿ, ಫೋನಿನಲ್ಲಿ ಬೇಡ.